ಮಣ್ಣೊಳಗೆ ಎಷ್ಟು ಮಳೆ ಇದೆ?

ವಿಜಯಪುರ ಜಿಲ್ಲೆಯ ಎರೆ ಹೊಲಗಳಲ್ಲಿ ಹಿಂಗಾರಿ ಬಿಳಿ ಜೋಳ ಬಹುಪಾಲು ಬೆಳೆಯುವುದು ಬಿತ್ತುವ ಮೊದಲೇ ಬಿದ್ದ ಮಳೆಯ ಮೇಲೆ. ಸೆಪ್ಟೆಂಬರ್ ಇಲ್ಲಿ ಅತಿ ಹೆಚ್ಚು ಮಳೆಯ ತಿಂಗಳು. ಅಕ್ಟೋಬರಿನಲ್ಲಿ ಒಂದೆರಡು ಮಳೆ ಬಂದರೆ ಬಂತು, ನವೆಂಬರ್ ದಾಟಿದರೆ ಆಕಾಶದಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ಆದರೆ ಜೋಳ ತೆನೆ ಬಿಚ್ಚುವುದು ಡಿಸೆಂಬರಿನಲ್ಲಿ, ಕಾಳು ಕಟ್ಟಿ ಕೊಯ್ಲಿಗೆ ಬರುವುದು ಜನವರಿ, ಫೆಬ್ರವರಿಯಲ್ಲಿ. ಆ ತಿಂಗಳುಗಳಲ್ಲಿ ಬೆಳೆ ಕುಡಿಯುವ ನೀರೆಲ್ಲ ಮಣ್ಣಿನಲ್ಲಿ ಇಳಿದು ಕೂತದ್ದು. ಹಗೇವಿನಲ್ಲಿ ಕಾಳು ತುಂಬಿಟ್ಟು ಬೇಸಿಗೆಯುದ್ದಕ್ಕೂ ಉಣ್ಣುತ್ತಿದ್ದ ಈ ಸೀಮೆಯಲ್ಲಿ ಎರೆ ಮಣ್ಣೂ ಒಂದು ಹಗೇವೇ. ಬಿತ್ತುವ ಮೊದಲು ಅದರಲ್ಲಿ ಎಷ್ಟಿದೆ ಎಂದು ಇಳಿದು ನೋಡುವವರು ಮಾತ್ರ ಕಡಿಮೆ.

ಬಿತ್ತನೆಯ ದಿನವನ್ನು ಈ ಭಾಗದ ರೈತರು ನಕ್ಷತ್ರದ ಮೇಲೆ ಲೆಕ್ಕ ಹಾಕುತ್ತಾರೆ. ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರೆ ಹುಟ್ಟುತ್ತದೆ, 27ಕ್ಕೆ ಹಸ್ತ, ಅಕ್ಟೋಬರ್ 10ರ ಹೊತ್ತಿಗೆ ಚಿತ್ತೆ, 24ಕ್ಕೆ ಸ್ವಾತಿ. ಜೋಳ ಬಿತ್ತಲು ಉತ್ತರೆ ಮತ್ತು ಹಸ್ತ ಒಳ್ಳೆಯವು ಎಂಬುದು ಹಳಬರ ಅನುಭವ. ಕೃಷಿ ವಿಶ್ವವಿದ್ಯಾಲಯದ ಶಿಫಾರಸೂ ಸೆಪ್ಟೆಂಬರ್ ಎರಡನೇ ಪಾಕ್ಷಿಕದಿಂದ ಅಕ್ಟೋಬರ್ ಮೊದಲ ಪಾಕ್ಷಿಕದವರೆಗೆ ಎಂದೇ ಇದೆ. ಇದಕ್ಕೆ ಎರಡೂ ಬದಿಯಲ್ಲಿ ಕಾರಣಗಳಿವೆ. ಸೆಪ್ಟೆಂಬರ್ ಮಧ್ಯಕ್ಕೂ ಮೊದಲೇ ಬಿತ್ತಿದರೆ ಸುಳಿ ನೊಣದ ಕಾಟ ಹೆಚ್ಚು, ಎಳೆ ಸಸಿಯ ಸುಳಿ ಒಣಗಿ ಕೈಗೆ ಕಿತ್ತು ಬರುತ್ತದೆ. ಅಕ್ಟೋಬರ್ ಮಧ್ಯ ದಾಟಿಸಿದರೆ ಕಾಳು ಕಟ್ಟುವ ಕಾಲ ಫೆಬ್ರವರಿಯ ಬಿಸಿಲಿಗೆ ಸಿಗುತ್ತದೆ, ಅಷ್ಟರಲ್ಲಿ ಮಣ್ಣಿನ ಹಸಿ ತೀರಿರುತ್ತದೆ. ಅಂದರೆ ರೈತನ ಕೈಯಲ್ಲಿರುವುದು ಒಂದು ತಿಂಗಳ ಅವಧಿ. ಆ ತಿಂಗಳಲ್ಲಿ ಯಾವ ದಿನ, ಎಷ್ಟು ಎಕರೆ, ಜೋಳವೋ ಕಡಲೆಯೋ ಎಂಬುದನ್ನು ನಿರ್ಧರಿಸಲು ಎರಡು ಸಾಧನಗಳಿವೆ: ಹವಾಮಾನ ಇಲಾಖೆ ಕೊಡುವ ಋತುಮಾನದ ಮುನ್ನೋಟ ಮತ್ತು ಹೊಲದ ಮಣ್ಣಿನಿಂದಲೇ ತೆಗೆಯುವ ಹಸಿಯ ಅಳತೆ. ಎರಡರ ಕೆಲಸವೂ ಬೇರೆ. ಮುನ್ನೋಟ ತಿಂಗಳುಗಳ ಮೊದಲೇ ತಯಾರಿ ಮಾಡಿಸುತ್ತದೆ, ಬಿತ್ತುವ ದಿನವನ್ನು ಹೇಳಬೇಕಾದದ್ದು ಮಣ್ಣು. ಇವು ಅದಲು ಬದಲಾದಾಗಲೇ ನಷ್ಟವಾಗುತ್ತದೆ.

ಮೊದಲು ಮುನ್ನೋಟದ ವಿಷಯ. ಭಾರತೀಯ ಹವಾಮಾನ ಇಲಾಖೆ ಏಪ್ರಿಲ್ ಮಧ್ಯದಲ್ಲಿ ಮುಂಗಾರಿನ ಮೊದಲ ಮುನ್ನೋಟ ಕೊಡುತ್ತದೆ, ಮೇ ಕೊನೆಗೆ ಅದನ್ನು ಪರಿಷ್ಕರಿಸುತ್ತದೆ. ಜುಲೈ ಕೊನೆಗೆ ಆಗಸ್ಟ್–ಸೆಪ್ಟೆಂಬರಿನದು ಬರುತ್ತದೆ, ಸೆಪ್ಟೆಂಬರ್ ಕೊನೆಗೆ ಅಕ್ಟೋಬರ್–ಡಿಸೆಂಬರಿನದು. ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಗುವುದು ಒಂದೇ ಅಂಕಿ: ಈ ವರ್ಷ ಮಳೆ ವಾಡಿಕೆಯ ಶೇ 96, ಅಥವಾ ಶೇ 105. ಅದು ಇಡೀ ದೇಶದ ನಾಲ್ಕು ತಿಂಗಳ ಸರಾಸರಿ. 1971ರಿಂದ 2020ರವರೆಗಿನ ದೀರ್ಘಾವಧಿ ಸರಾಸರಿಯಾದ 87 ಸೆಂಟಿಮೀಟರಿಗೆ ಹೋಲಿಸಿ ಹೇಳಿದ್ದು. ವಿಜಯಪುರದ ಇಂಡಿ ತಾಲ್ಲೂಕಿನ ಹೊಲಕ್ಕೂ ಆ ಅಂಕಿಗೂ ಇರುವ ನಂಟು ತೀರಾ ಸಡಿಲ.

2023ನ್ನೇ ನೋಡಿ. ಶೇ 96 ಎಂದು ಮುನ್ನೋಟ ಬಂದಿತ್ತು, ದೇಶಕ್ಕೆ ಬಿದ್ದದ್ದು ಶೇ 94. ದೇಶದ ಮಟ್ಟದಲ್ಲಿ ಇದು ಹೆಚ್ಚು ತಪ್ಪಿದ ಲೆಕ್ಕವಲ್ಲ. ಆದರೆ ಆ ವರ್ಷದ ಆಗಸ್ಟ್, 1901ರಿಂದ ಈಚಿನ ದಾಖಲೆಯಲ್ಲೇ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದಲ್ಲಿ ಸೆಪ್ಟೆಂಬರಿನಲ್ಲೇ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು, ಆಮೇಲೆ ಆ ಪಟ್ಟಿ ಇನ್ನೂ ಬೆಳೆಯಿತು. ದೇಶದ ಸರಾಸರಿ ಹೆಚ್ಚು ಕಡಿಮೆ ಸರಿಯಾಗಿದ್ದರೂ ನಮ್ಮ ರೈತನಿಗೆ ಅದರಿಂದ ಉಪಯೋಗವಾಗಲಿಲ್ಲ. ಅವನಿಗೆ ಬೇಕಾದದ್ದು ಯಾವ ಸೀಮೆಗೆ, ಯಾವ ತಿಂಗಳಿಗೆ ಎಂಬುದು.

ಆ ಪ್ರಶ್ನೆಗೆ ಸ್ವಲ್ಪ ಹತ್ತಿರ ಬರುವುದು ಇಲಾಖೆ ಅದೇ ಪ್ರಕಟಣೆಯ ಜೊತೆಗೆ ಕೊಡುವ ನಕ್ಷೆ. ಅದರಲ್ಲಿ ದೇಶವನ್ನು ಸಣ್ಣ ಚೌಕಗಳಾಗಿ ಬಣ್ಣ ಹಾಕಿ, ಪ್ರತಿ ಜಾಗದಲ್ಲೂ ಮಳೆ ವಾಡಿಕೆಗಿಂತ ಹೆಚ್ಚು, ವಾಡಿಕೆಯಷ್ಟು, ವಾಡಿಕೆಗಿಂತ ಕಡಿಮೆ ಎಂಬ ಮೂರು ಸಾಧ್ಯತೆಗಳಲ್ಲಿ ಯಾವುದು ಮುಂದಿದೆ ಎಂದು ತೋರಿಸುತ್ತಾರೆ. ಏನೂ ಗೊತ್ತಿಲ್ಲದಿದ್ದರೆ ಮೂರಕ್ಕೂ ಸಮಪಾಲು, ನೂರಕ್ಕೆ 33. ಉತ್ತರ ಒಳನಾಡಿನ ಮೇಲೆ 'ಕಡಿಮೆ' ಬಣ್ಣ ಬಿದ್ದು ಅದರ ಸಾಧ್ಯತೆ ಶೇ 45 ಎಂದಿದ್ದರೆ ಅದನ್ನು ಹೀಗೆ ಓದಬೇಕು: ಇಂಥ ಲಕ್ಷಣಗಳಿರುವ ನೂರು ವರ್ಷಗಳಲ್ಲಿ 45 ವರ್ಷ ಮಳೆ ಕಡಿಮೆಯಾದೀತು, ಉಳಿದ 55 ವರ್ಷ ವಾಡಿಕೆಯಷ್ಟೋ ಅದಕ್ಕೂ ಹೆಚ್ಚೋ ಬಂದೀತು. ಆದ್ದರಿಂದ ಅದು ಬರದ ಸೂಚನೆಯಲ್ಲ. ತಕ್ಕಡಿ ಒಂದು ಕಡೆ ಸ್ವಲ್ಪ ವಾಲಿದೆ ಎಂಬುದಷ್ಟೇ ಅರ್ಥ. ಅಷ್ಟು ವಾಲಿಕೆಯ ಮೇಲೆ ಸಾಲ ಮಾಡುವುದೂ ಬೇಡ, ಹೊಲ ಬೀಳು ಬಿಡುವುದೂ ಬೇಡ. ತಪ್ಪಾದರೂ ಹೆಚ್ಚು ಕಳೆದುಕೊಳ್ಳದಂಥ, ಸರಿಯಾದರೆ ಬೆಳೆ ಉಳಿಸುವಂಥ ತೀರ್ಮಾನಗಳನ್ನು ಮಾತ್ರ ಅದರ ಮೇಲೆ ಕೈಗೊಳ್ಳಬಹುದು.

ಅಂಥ ಒಂದು ತೀರ್ಮಾನ ಜೂನಿನಲ್ಲೇ ಬರುತ್ತದೆ. ಆಳವಾದ ಎರೆ ಹೊಲದಲ್ಲಿ ಮುಂಗಾರಿ ಮಳೆ ಬೇಗ ಬಂದರೆ ಹೆಸರು ಬಿತ್ತಿ, ಎರಡು ಎರಡೂವರೆ ತಿಂಗಳಲ್ಲಿ ಬಿಡಿಸಿಕೊಂಡು, ಅದೇ ಹೊಲಕ್ಕೆ ಹಿಂಗಾರಿ ಜೋಳ ಹಾಕಬಹುದು. ಎರಡು ಬೆಳೆ ಎಂಬುದು ಆಸೆ ಹುಟ್ಟಿಸುವ ಮಾತು, ಹೆಸರಿಗೆ ಮಾರುಕಟ್ಟೆಯೂ ಇದೆ. ಆದರೆ ಹೆಸರು ಜೂನ್, ಜುಲೈನ ಹಸಿಯನ್ನು ತಾನೇ ಕುಡಿದು ಹೋಗುತ್ತದೆ, ಜೋಳಕ್ಕೆ ಉಳಿಯುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನವರೆಗಿನ ಮಳೆ ಮಾತ್ರ. ಮೇ ಕೊನೆಯ ನಕ್ಷೆ 'ಕಡಿಮೆ'ಯ ಕಡೆಗೆ ವಾಲಿದ್ದರೆ ಇಡೀ ಹೊಲಕ್ಕೆ ಹೆಸರು ಹಾಕದೆ, ಹೆಚ್ಚಿನ ಭಾಗವನ್ನು ಹರಗಿ ಖಾಲಿ ಬಿಟ್ಟು, ಚೌಕು ಮಡಿ ಮಾಡಿ ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವುದು ವಿವೇಕ. ಸಣ್ಣ ಸಣ್ಣ ಬದುಗಳಿಂದ ಹೊಲವನ್ನು ಚೌಕಗಳಾಗಿ ಕಟ್ಟುವ ಈ ಕೆಲಸ ಮಳೆ ಹೆಚ್ಚಾದ ವರ್ಷವೂ ದಂಡವಾಗುವುದಿಲ್ಲ. ಎರೆ ಮಣ್ಣು ಒಮ್ಮೆ ಮೇಲೆ ತೊಯ್ದರೆ ನೀರನ್ನು ಬಹಳ ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಒಂದು ಜೋರು ಮಳೆಯ ದೊಡ್ಡ ಪಾಲು ಇಳಿಜಾರು ಹಿಡಿದು ಹಳ್ಳ ಸೇರುತ್ತದೆ. ಚೌಕು ಮಡಿಯಲ್ಲಿ ನಿಂತ ನೀರಿಗೆ ಇಳಿಯಲು ಸಮಯ ಸಿಗುತ್ತದೆ. ಇದು ಹೊಸ ಜ್ಞಾನವೂ ಅಲ್ಲ. 1930ರ ದಶಕದಲ್ಲಿ ಸೋಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹ್ಟಕ್ ಎಂಬ ಐದು ಕಡೆ ಒಣ ಬೇಸಾಯದ ಸಂಶೋಧನೆ ಶುರುವಾಯಿತು. ಐದರಲ್ಲಿ ಮೂರು ಇಂದಿನ ಕರ್ನಾಟಕದವು. ಮಳೆ ನೀರನ್ನು ಹೊಲದಲ್ಲೇ ಹಿಡಿಯುವುದು ಆಗಿನಿಂದಲೂ ಅದರ ಮುಖ್ಯ ಪಾಠ.

ಜುಲೈ ಕೊನೆಯ ಮುನ್ನೋಟ ಬೀಜದ ವಿಷಯಕ್ಕೆ ಉಪಯೋಗ. ಆಗಸ್ಟ್–ಸೆಪ್ಟೆಂಬರ್ ಕಡಿಮೆಯ ಕಡೆಗೆ ವಾಲಿದ್ದರೆ ಜೋಳದ ಜೊತೆಗೆ ಕಡಲೆ ಬೀಜವನ್ನೂ ಹೊಂದಿಸಿಟ್ಟುಕೊಳ್ಳಬೇಕು. ಕಡಲೆಯನ್ನು ಅಕ್ಟೋಬರ್ ಕೊನೆಯವರೆಗೂ ಬಿತ್ತಬಹುದು, ಜೆ.ಜಿ.–11 ಅಥವಾ ಅಣ್ಣಿಗೇರಿ–1ರಂಥ ತಳಿಗಳು ಮೂರು ತಿಂಗಳ ಮೇಲೆ ಸ್ವಲ್ಪ ದಿನಗಳಲ್ಲಿ ಮುಗಿಯುತ್ತವೆ, ಜೋಳಕ್ಕಿಂತ ಕಡಿಮೆ ನೀರು ಸಾಕು. ಬೇಕಾದಾಗ ಬೀಜ ಇಲ್ಲದೆ, ಕೊನೆ ಗಳಿಗೆಯಲ್ಲಿ ರೈತ ಸಂಪರ್ಕ ಕೇಂದ್ರದ ಮುಂದೆ ಸಾಲು ನಿಲ್ಲುವಾಗ ಮಣ್ಣಿನ ಮೇಲ್ಪದರ ಆರಿ ಹೋಗಿರುತ್ತದೆ. ಮುನ್ನೋಟ ಉಳಿಸಿಕೊಡುವುದು ಆ ದಿನಗಳನ್ನು.

ಸೆಪ್ಟೆಂಬರ್ ಕೊನೆಯ ಮುನ್ನೋಟದಲ್ಲಿ ಒಂದು ಎಚ್ಚರಿಕೆ ಬೇಕು. ಆಗ ಪತ್ರಿಕೆಗಳಲ್ಲಿ ಬರುವ 'ಈಶಾನ್ಯ ಮಾರುತದ ಮುನ್ನೋಟ' ಐದು ಹವಾಮಾನ ಉಪವಿಭಾಗಗಳಿಗೆ ಸೇರಿದ್ದು: ತಮಿಳುನಾಡು, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ ಮತ್ತು ನಮ್ಮ ದಕ್ಷಿಣ ಒಳನಾಡು. ಉತ್ತರ ಒಳನಾಡು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. 'ಹಿಂಗಾರು ಈ ಸಲ ಚೆನ್ನಾಗಿದೆಯಂತೆ' ಎಂಬ ಸುದ್ದಿ ಓದಿ ಸಿಂದಗಿಯಲ್ಲಿ ಬಿತ್ತಿದರೆ ತಮಿಳುನಾಡಿನ ಮಳೆಯನ್ನು ನಂಬಿ ಬಿತ್ತಿದಂತೆ. ಎಲ್ ನಿನೊ ವರ್ಷಗಳಲ್ಲಿ ಮೋಸ ಹೋಗುವುದು ಇನ್ನೂ ಸುಲಭ, ಏಕೆಂದರೆ ಅಂಥ ವರ್ಷ ಮುಂಗಾರು ಸೊರಗುವುದು ಹೆಚ್ಚು, ಆದರೆ ತಮಿಳುನಾಡಿನ ಕಡೆಯ ಹಿಂಗಾರು ಬಲವಾಗಿರುವ ಸಂಭವವೂ ಹೆಚ್ಚು. ವಿಜಯಪುರದವರು ನೋಡಬೇಕಾದದ್ದು ಅಕ್ಟೋಬರ್ ತಿಂಗಳಿಗಾಗಿ ಇಲಾಖೆ ಪ್ರತ್ಯೇಕ ಕೊಡುವ ನಕ್ಷೆಯನ್ನು, ಅದರಲ್ಲಿ ತಮ್ಮ ಜಿಲ್ಲೆಯ ಮೇಲಿರುವ ಬಣ್ಣವನ್ನು. ಅದರ ಜೊತೆಗೆ ಪ್ರತಿ ಗುರುವಾರ ಬರುವ, ಮುಂದಿನ ವಾರಗಳ ವಿಸ್ತೃತ ಅವಧಿಯ ಮುನ್ಸೂಚನೆ, ಮತ್ತು ಮಂಗಳವಾರ, ಶುಕ್ರವಾರಗಳಂದು ಬರುವ ಐದು ದಿನದ ಕೃಷಿ ಹವಾಮಾನ ಪ್ರಕಟಣೆ. ಅವಧಿ ಕಿರಿದಾದಷ್ಟೂ ನಂಬಿಕೆ ಹೆಚ್ಚು. ಎರಡು ವಾರದ ಆಚೆಗೆ ಯಾವ ದಿನ ಮಳೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ಬೆಲೆ ಕೊಡಬೇಕಾಗಿಲ್ಲ.

ಇನ್ನು ಮಣ್ಣಿಗೆ ಬರೋಣ. ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳ ಮಾಹಿತಿ ಇಲ್ಲಿದೆ. ಮುಂದೆ ಬೀಳಲಿರುವ ಮಳೆ ಎಂದಿಗೂ ಊಹೆ, ಒಳಗೆ ಇಳಿದಿರುವುದನ್ನು ಅಳೆದು ನೋಡಬಹುದು.

ಮೊಬೈಲಿನಲ್ಲಿ ಉಪಗ್ರಹದ ತೇವಾಂಶ ನಕ್ಷೆಗಳು ಈಗ ಸಿಗುತ್ತವೆ. 2015ರಲ್ಲಿ ನಾಸಾ ಹಾರಿಸಿದ ಸ್ಮ್ಯಾಪ್ ಉಪಗ್ರಹ ಇದಕ್ಕೆಂದೇ ಇರುವುದು, ನಮ್ಮ ಇಸ್ರೊ 2022ರಲ್ಲಿ ಹಾರಿಸಿದ ಇಒಎಸ್–04 ಉಪಗ್ರಹದ ಮಾಹಿತಿಯಿಂದಲೂ ಮಣ್ಣಿನ ತೇವ ಲೆಕ್ಕ ಹಾಕುತ್ತಾರೆ. ತಾಲ್ಲೂಕಿನ ಯಾವ ಭಾಗ ತೊಯ್ದಿದೆ, ಯಾವುದು ಒಣಗಿದೆ ಎಂದು ತಿಳಿಯಲು ಅವು ಒಳ್ಳೆಯವು. ಆದರೆ ಆಕಾಶದಿಂದ ನೇರವಾಗಿ ಅಳೆಯಲಾಗುವುದು ಮೇಲಿನ ಐದು ಸೆಂಟಿಮೀಟರ್ ಮಾತ್ರ, ಅಂದರೆ ಎರಡು ಅಂಗುಲ. ಜೋಳದ ಬೇರು ಹುಡುಕುವುದು ಮೂರಡಿ ಆಳದ ನೀರನ್ನು. ನಿನ್ನೆ ಬಿದ್ದ ಸಣ್ಣ ಮಳೆಗೆ ನಕ್ಷೆಯಲ್ಲಿ ಇಡೀ ತಾಲ್ಲೂಕು ನೀಲಿಯಾಗುತ್ತದೆ, ಒಂದಡಿ ಕೆಳಗೆ ಮಣ್ಣು ಜುಲೈಯಿಂದ ಒಣಗಿಯೇ ಇರಬಹುದು.

ಹೊಲದಲ್ಲಿ ಹೂಳುವ ಸಂವೇದಕಗಳೂ ಮಾರಾಟಕ್ಕಿವೆ. ತೋಟಗಾರಿಕೆ ಬೆಳೆಗೆ, ಹನಿ ನೀರಾವರಿಗೆ ಅವು ಚೆನ್ನಾಗಿ ನಡೆಯುತ್ತವೆ. ಎರೆ ಮಣ್ಣಿನಲ್ಲಿ ತೊಡಕಿದೆ. ಈ ಮಣ್ಣು ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕು ಸಂವೇದಕದ ಪಕ್ಕದಲ್ಲೇ ಬಿಟ್ಟರೆ ನಡುವೆ ಗಾಳಿ ಸೇರಿ, ಇರುವುದಕ್ಕಿಂತ ಬಹಳ ಕಡಿಮೆ ಹಸಿ ತೋರಿಸುತ್ತದೆ. ಸವುಳು ಇದ್ದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಒಂದು ಮಳೆಯ ನಂತರವೂ ಅಂಕಿ ಅಲುಗದಿದ್ದರೆ, ಅಥವಾ ಒಂದೇ ರಾತ್ರಿಯಲ್ಲಿ ಧಡಕ್ಕನೆ ಕುಸಿದರೆ, ತಪ್ಪು ಯಂತ್ರದ ಕಡೆ ಇದೆ ಎಂದು ತಿಳಿಯಬೇಕು. ನೀರು ತುಂಬಿದ ಕೊಳವೆಯ ಟೆನ್ಸಿಯೋಮೀಟರ್ ಅಂತೂ ಮಣ್ಣು ಸ್ವಲ್ಪ ಒಣಗಿದೊಡನೆ ಕೆಲಸ ನಿಲ್ಲಿಸುತ್ತದೆ. ಎರೆ ಮಣ್ಣಿನಲ್ಲಿ ಬೆಳೆಗೆ ಸಿಗುವ ನೀರಿನ ಬಹುಪಾಲು ಅದರ ಅಳತೆಯಿಂದ ಆಚೆಗೇ ಇರುತ್ತದೆ.

ಹಾಗಾಗಿ ಹಳೆಯ ವಿಧಾನವೇ ಗಟ್ಟಿ: ಮಣ್ಣು ತೆಗೆ, ತೂಗು, ಒಣಗಿಸು, ಮತ್ತೆ ತೂಗು. ಮಣ್ಣು ಕೊರೆಯುವ ಬೈರಿಗೆಯಿಂದ ಹೊಲದ ನಾಲ್ಕೈದು ಕಡೆ, ಬಿರುಕಿನಿಂದ ದೂರ, ನಾಲ್ಕು ಆಳದಲ್ಲಿ ಮಣ್ಣು ತೆಗೆಯಬೇಕು: ಮೇಲಿನ 15 ಸೆಂಟಿಮೀಟರ್, 15ರಿಂದ 30, 30ರಿಂದ 60, 60ರಿಂದ 90. ಒಂದೇ ಆಳದ ಮಣ್ಣನ್ನು ಒಟ್ಟು ಸೇರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗುವ ಮೊದಲು ತೂಗಬೇಕು. ಪ್ರಯೋಗಾಲಯದಲ್ಲಿ 105 ಡಿಗ್ರಿಯ ಒಲೆಯಲ್ಲಿ ಒಂದು ದಿನ ಇಡುತ್ತಾರೆ. ಮನೆಯಲ್ಲಾದರೆ ಕಬ್ಬಿಣದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ, ಹೆಂಟೆ ಒಡೆದು ಕೈಯಾಡಿಸುತ್ತ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದರೂ ಬಿತ್ತನೆಯ ತೀರ್ಮಾನಕ್ಕೆ ಸಾಕಾಗುವಷ್ಟು ಸರಿಯಾದ ಅಂಕಿ ಸಿಗುತ್ತದೆ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ಹಸಿ ಮಣ್ಣು 201 ಗ್ರಾಂ ಇದ್ದದ್ದು ಒಣಗಿ 150 ಆದರೆ ಹೋದ ನೀರು 51 ಗ್ರಾಂ. ಅದನ್ನು ಒಣ ಮಣ್ಣಿನ 150ರಿಂದ ಭಾಗಿಸಿದರೆ ಶೇ 34.

ಆ ಶೇ 34 ಇಡಿಯಾಗಿ ಬೆಳೆಗೆ ಸಿಗುವುದಿಲ್ಲ. ಎರೆ ಮಣ್ಣಿನ ಜೇಡಿ ಬಹಳಷ್ಟು ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಶೇ 18ರ ಹತ್ತಿರ ಬಂದರೆ ಗಿಡ ಬಾಡಿ ಮತ್ತೆ ಏಳುವುದಿಲ್ಲ. ಈ ಅಂಕಿ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ, ಅದನ್ನು ಕಂಡುಕೊಳ್ಳುವ ದಾರಿಯನ್ನು ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ 18 ಎಂದು ಇಟ್ಟುಕೊಂಡು ಇಂಡಿ ಕಡೆಯ ಆರು ಎಕರೆಯ, ಮೂರಡಿ ಆಳದ ಒಂದು ಎರೆ ಹೊಲವನ್ನು ಕಲ್ಪಿಸಿಕೊಳ್ಳೋಣ. ಮೇ ಕೊನೆಯ ನಕ್ಷೆ ಕಡಿಮೆಯ ಕಡೆಗೆ ವಾಲಿದ್ದರಿಂದ ಹೆಸರು ಹಾಕಲಿಲ್ಲ, ಚೌಕು ಮಡಿ ಮಾಡಿದ್ದಾಯಿತು. ಆಗಸ್ಟ್ ಒಣಗಿತು, ಉತ್ತರೆಯಲ್ಲಿ ಎರಡು ಒಳ್ಳೆಯ ಮಳೆ ಬಂದವು. ಸೆಪ್ಟೆಂಬರ್ 20ಕ್ಕೆ ಮಣ್ಣು ತೆಗೆದರೆ ಮೇಲಿನ ಪದರ ಶೇ 34, ಎರಡನೆಯದು 32, ಮೂರನೆಯದು 27, ಕೆಳಗಿನದು 22.

ಪ್ರತಿಯೊಂದರಿಂದ 18 ಕಳೆಯಬೇಕು. ಉಳಿದದ್ದನ್ನು ಮಣ್ಣಿನ ಸಾಂದ್ರತೆಯಿಂದ, ಎರೆಗೆ ಸುಮಾರು 1.25, ಮತ್ತು ಪದರದ ದಪ್ಪದಿಂದ ಗುಣಿಸಿ, ನೂರರಿಂದ ಭಾಗಿಸಿದರೆ ಮಳೆಯ ಮಿಲಿಮೀಟರಿನಲ್ಲೇ ಉತ್ತರ ಬರುತ್ತದೆ. ಮೇಲಿನ ಪದರಕ್ಕೆ 16 × 1.25 × 150 ÷ 100, ಅಂದರೆ 30 ಮಿ.ಮೀ. ಎರಡನೆಯದರಲ್ಲಿ 26, ಮೂರನೆಯದರಲ್ಲಿ 34, ಕೆಳಗಿನದರಲ್ಲಿ 15. ಒಟ್ಟು 105 ಮಿ.ಮೀ. ಇದೇ ಹೊಲ ಮೇಲಿಂದ ಕೆಳಗಿನವರೆಗೆ ಶೇ 34ರಷ್ಟು ತುಂಬಿದ್ದರೆ 180 ಇರುತ್ತಿತ್ತು. ಮೇಲೆ ನಿಂತು ನೋಡಿದರೆ ಎರಡೂ ಹೊಲ ಒಂದೇ ಥರ ಕಾಣುತ್ತವೆ. ಕೂರಿಗೆ ಎರಡರಲ್ಲೂ ಚೆನ್ನಾಗಿ ಹೋಗುತ್ತದೆ, ಬೀಜ ಎರಡರಲ್ಲೂ ಒಂದೇ ಸಮ ಹುಟ್ಟುತ್ತದೆ. ವ್ಯತ್ಯಾಸ ಕಾಣುವುದು ನವೆಂಬರಿನಲ್ಲಿ.

ಎಷ್ಟು ವ್ಯತ್ಯಾಸ ಎಂದು ಒರಟು ಲೆಕ್ಕ ಹಾಕಬಹುದು. ಮೊದಲ ತಿಂಗಳು ಸಸಿ ಸಣ್ಣದು, ನೆಲದಿಂದ ಆವಿಯಾಗುವುದೂ ಸೇರಿ ದಿನಕ್ಕೆ ಒಂದೂವರೆ ಮಿಲಿಮೀಟರ್ ಎಂದರೆ ತಿಂಗಳಿಗೆ 45. ಆಮೇಲೆ ದಿನಕ್ಕೆ ಮೂರರ ಹತ್ತಿರ. ಅರ್ಧ ತುಂಬಿದ ಹೊಲದ 105ರಲ್ಲಿ ಉಳಿಯುವ 60 ಮಿ.ಮೀ. ಇಪ್ಪತ್ತು ದಿನಕ್ಕೆ ಸಾಲುತ್ತದೆ, ಅಂದರೆ ಒಟ್ಟು ಐವತ್ತು ದಿನ. ಮಾಲದಂಡಿ ಎಂದೇ ಹೆಸರಾದ ಎಂ 35–1 ಜೋಳ ಹೂ ಬಿಡಲು ಎಪ್ಪತ್ತು ದಿನದ ಮೇಲೆ ಬೇಕು. ಮತ್ತೆ ಮಳೆ ಬರದಿದ್ದರೆ ಹೊಡೆ ಹಿರಿಯುವ ಹೊತ್ತಿಗೇ ನೀರು ತೀರುತ್ತದೆ. ಪೂರ್ತಿ ತುಂಬಿದ ಹೊಲದ 180 ಮಿ.ಮೀ. ಒಂದು ಹನಿ ಮಳೆ ಬಾರದಿದ್ದರೂ ಎಪ್ಪತ್ತೈದು ದಿನ ನಡೆಸುತ್ತದೆ. ನೀರು ಕಡಿಮೆಯಾದಂತೆ ಗಿಡ ಕುಡಿಯುವುದನ್ನೂ ತಗ್ಗಿಸುವುದರಿಂದ ನಿಜದಲ್ಲಿ ಇನ್ನೂ ಕೆಲವು ದಿನ ಎಳೆಯುತ್ತದೆ. ಹೂ ಬಿಟ್ಟ ಮೇಲೆ ನೀರು ಸಾಲದ ಬೆಳೆಗೆ ಇನ್ನೊಂದು ಆಪತ್ತು ಕಾದಿರುತ್ತದೆ. ಬಾಯಾರಿದ ಗಿಡದ ಬುಡಕ್ಕೆ ಕಪ್ಪು ಕೊಳೆ ರೋಗದ ಶಿಲೀಂಧ್ರ ಹೊಕ್ಕು ಕಾಂಡದ ಒಳಗನ್ನು ಇದ್ದಿಲಿನಂತೆ ಮಾಡುತ್ತದೆ. ಜನವರಿಯ ಗಾಳಿಗೆ ಬೆಳೆ ಮಲಗುತ್ತದೆ, ಕಾಳೂ ಹೋಯಿತು, ಕಣಿಕೆಯೂ ಕೆಟ್ಟಿತು.

ಹಾಗಿದ್ದರೆ 105 ಮಿ.ಮೀ. ಇರುವವನು ಏನು ಮಾಡಬೇಕು? ಪೂರ್ತಿ ತುಂಬಲಿ ಎಂದು ಅಕ್ಟೋಬರ್ ಮಧ್ಯದವರೆಗೆ ಕಾಯಬಹುದು, ಆದರೆ ಖಾಲಿ ನೆಲವೂ ದಿನ ದಿನ ನೀರು ಕಳೆಯುತ್ತದೆ, ಮೇಲ್ಪದರ ಆರಿದರೆ ಕೂರಿಗೆಯ ತಾಳು ಹಸಿಗೆ ಬೀಜ ಮುಟ್ಟಿಸಲಾರದು. ಈಗಲೇ ಆರು ಎಕರೆಗೂ ಜೋಳ ಬಿತ್ತಬಹುದು, ಆಗ ಇಡೀ ವರ್ಷವನ್ನು ಅಕ್ಟೋಬರಿನ ಒಂದು ಮಳೆಗೆ ಒಪ್ಪಿಸಿದಂತೆ. ಮುನ್ನೋಟ ಮತ್ತೆ ಕೈಗೆ ಬರಬೇಕಾದದ್ದು ಈ ಘಟ್ಟದಲ್ಲಿ. ಗುರುವಾರದ ಮುನ್ಸೂಚನೆ ಮುಂದಿನ ವಾರಕ್ಕೆ ಒಣ ಹವೆ, ಅದರ ಮುಂದಿನ ವಾರಕ್ಕೆ ವಾಡಿಕೆಯ ಮಳೆ ಹೇಳುತ್ತಿದೆ ಎಂದುಕೊಳ್ಳೋಣ. ಒಣ ವಾರ ಬಿತ್ತನೆಗೆ ಅನುಕೂಲ. ಜೋರು ಮಳೆ ಎದುರಿಗಿದ್ದಾಗ ಎರೆಯಲ್ಲಿ ಬಿತ್ತಿದರೆ ಮೇಲೆ ಹೆಪ್ಪುಗಟ್ಟಿ ಮೊಳಕೆ ಒಳಗೇ ಸುರುಳಿಯಾಗುತ್ತದೆ, ನೀರು ನಿಂತರೆ ಬೀಜ ಕೊಳೆಯುತ್ತದೆ. ಆದ್ದರಿಂದ ಸೆಪ್ಟೆಂಬರ್ 23ರ ಸುಮಾರಿಗೆ, ಮಣ್ಣು ತಾಳಿಗೆ ಅಂಟದ ಹದಕ್ಕೆ ಬಂದೊಡನೆ, ನಾಲ್ಕು ಎಕರೆಗೆ ಜೋಳ ಬಿತ್ತುವುದು. ತಗ್ಗಿನ, ಆಳ ಹೆಚ್ಚಿರುವ, ನೀರು ಹೆಚ್ಚು ಹಿಡಿದ ನಾಲ್ಕು ಎಕರೆ. ಉಳಿದ ಎರಡು ಎಕರೆಯನ್ನು ಕುಂಟೆ ಹೊಡೆದು ಮೇಲ್ಪದರ ಸಡಿಲ ಮಾಡಿ ಕಾಯುವುದು.

ಸೆಪ್ಟೆಂಬರ್ ಕೊನೆಗೆ ಅಕ್ಟೋಬರಿನ ನಕ್ಷೆ ಬರುತ್ತದೆ, ಹಸ್ತದಲ್ಲಿ 40 ಮಿ.ಮೀ. ಮಳೆಯೂ ಬರುತ್ತದೆ ಎನ್ನೋಣ. ಅಕ್ಟೋಬರ್ 8ಕ್ಕೆ ಖಾಲಿ ಬಿಟ್ಟ ಎರಡು ಎಕರೆಯಲ್ಲಿ ಮತ್ತೆ ಅಳೆದರೆ 105ಕ್ಕೆ 40 ಸೇರಿ 145 ಆಗಿರುವುದಿಲ್ಲ. ನಡುವಿನ ದಿನಗಳಲ್ಲಿ ಆವಿಯಾಗಿ ಹೋದದ್ದನ್ನು ಕಳೆದು 125ರ ಆಸುಪಾಸು ಸಿಕ್ಕೀತು. ಜೋಳಕ್ಕೆ ಅದು ಸಾಲದು. ಕಡಲೆಗೆ ಅದೇ 125 ಒಳ್ಳೆಯ ಆರಂಭ. ನಕ್ಷೆ ಹೆಚ್ಚಿನ ಕಡೆಗೆ ವಾಲಿದ್ದು, ಅಳತೆ 160 ದಾಟಿದ್ದರೆ ಆ ಎರಡು ಎಕರೆಗೂ ಜೋಳವನ್ನೇ ಹಾಕಬಹುದಿತ್ತು. ಮಣ್ಣಿನ ಅಳತೆ ಕಡಿಮೆ, ಮುನ್ನೋಟ ಮಾತ್ರ ಆಶಾದಾಯಕ ಎಂದಿರುವಾಗ ನಾನು ಮಣ್ಣಿನ ಮಾತನ್ನೇ ಕೇಳಬೇಕು ಎನ್ನುತ್ತೇನೆ. ಮುನ್ನೋಟದ ಶೇ 45ಕ್ಕಾಗಿ ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲವನ್ನೂ ಒಡ್ಡುವ ಶಕ್ತಿ ಒಣ ಬೇಸಾಯದ ರೈತನಿಗೆ ಇಲ್ಲ.

ಬಿತ್ತಿದ ನಾಲ್ಕು ಎಕರೆಯ ಲೆಕ್ಕ ಇನ್ನೂ ಮುಗಿದಿಲ್ಲ. 105, ಹಸ್ತದ 40, ಒಟ್ಟು 145. ಮೊದಲ ತಿಂಗಳ 45 ಹೋದರೆ ಉಳಿದ ನೂರು ಮಿ.ಮೀ. ಮೂವತ್ತಮೂರು ದಿನಕ್ಕೆ, ಅಂದರೆ ನವೆಂಬರ್ 25ರವರೆಗೆ. ಹೂವಿಗೆ ಇನ್ನೂ ಹತ್ತು ದಿನದ ನೀರು ಕಡಿಮೆ. ಚಿತ್ತೆ, ಸ್ವಾತಿಗಳಲ್ಲಿ ಒಂದು ಮಳೆ ಬಂದರೆ ತುಂಬಿತು. ಬರುವ ಲಕ್ಷಣ ಇಲ್ಲದಿದ್ದರೆ ಕುಡಿಯುವ ಬಾಯಿಗಳನ್ನು ಕಡಿಮೆ ಮಾಡಬೇಕು. ಹದಿನೈದು ಇಪ್ಪತ್ತು ದಿನದ ಸಸಿಯಿದ್ದಾಗ ಕೈ ಬಿಗಿ ಮಾಡದೆ ತೆಳುವು ಮಾಡುವುದು, ಬಿರುಕು ಮುಚ್ಚುವಂತೆ ಎರಡು ಮೂರು ಸಲ ಎಡೆ ಹೊಡೆಯುವುದು, ಅದೂ ಸಾಲದಿದ್ದರೆ ಮೂರಕ್ಕೊಂದು ಸಾಲು ಕಿತ್ತು ಉಳಿದೆರಡನ್ನು ಬದುಕಿಸುವುದು. ಕಿತ್ತ ಎಳೆ ಜೋಳವನ್ನು ಹಸಿಯಾಗಿ ದನಕ್ಕೆ ಹಾಕಬಾರದು. ನೀರಿಲ್ಲದೆ ಬಾಡಿದ ಎಳೆ ಜೋಳದಲ್ಲಿ ಸೈನೈಡ್ ವಿಷಾಂಶ ಹೆಚ್ಚಾಗಿ ದನ ಸಾಯುತ್ತವೆ, ಬಿಸಿಲಿಗೆ ಚೆನ್ನಾಗಿ ಒಣಗಿಸಿಯೇ ಮೇವು ಮಾಡಬೇಕು.

ಒಟ್ಟು ಅಂಕಿ ಸರಿಯಿದ್ದೂ ಬೆಳೆ ಹೋಗುವ ಒಂದು ಸಂದರ್ಭವಿದೆ, ಅದನ್ನು ಪದರ ಪದರವಾಗಿ ತೆಗೆದವರು ಮಾತ್ರ ಕಾಣಬಲ್ಲರು. ಆಗಸ್ಟ್ ಒಣಗಿದ ವರ್ಷ ಮೊದಲ ಮಳೆ ಬಿರುಕುಗಳ ಮೂಲಕ ಸೀದಾ ಕೆಳಗಿಳಿದು ಮೂರಡಿಯಲ್ಲಿ ಹಸಿ ಮಾಡುತ್ತದೆ, ಆಮೇಲಿನ ಮಳೆ ಬಿರುಕು ಮುಚ್ಚಿದ್ದರಿಂದ ಮೇಲಿನ ಏಳೆಂಟು ಅಂಗುಲದಲ್ಲಿ ನಿಲ್ಲುತ್ತದೆ. ನಡುವೆ ಒಣ ಪದರ ಉಳಿಯುತ್ತದೆ. ಬೇರು ಒಣ ಮಣ್ಣನ್ನು ಕೊರೆದು ಆಚೆಯ ನೀರನ್ನು ಮುಟ್ಟುವುದಿಲ್ಲ. ಮೇಲಿನ ಹಸಿ, ಕೆಳಗಿನ ಹಸಿ ಕೂಡಿತೇ ಎಂದು ಹಿರಿಯರು ಕೇಳುವುದು ಇದನ್ನೇ. ಪರೀಕ್ಷೆಗೆ ಬೈರಿಗೆಯೂ ಬೇಡ. ಬೆರಳು ದಪ್ಪದ, ತುದಿ ಮೊಂಡಾದ ನಾಲ್ಕಡಿಯ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಒತ್ತಿದರೆ ತೊಯ್ದ ಮಣ್ಣಿನಲ್ಲಿ ಸಲೀಸಾಗಿ ಇಳಿದು ಒಣ ಪದರ ಸಿಕ್ಕಲ್ಲಿ ನಿಲ್ಲುತ್ತದೆ. ಹೊಲದ ಹತ್ತಾರು ಕಡೆ ಚುಚ್ಚಿ ನೋಡಬೇಕು. ಚೆನ್ನಾಗಿ ತೊಯ್ದ ಒಂದಡಿ ಎರೆಯಲ್ಲಿ ಬೆಳೆಗೆ ಸಿಗುವ ನೀರು ಸುಮಾರು 60 ಮಿ.ಮೀ. ಎಂದು ಮೇಲಿನ ಲೆಕ್ಕವೇ ಹೇಳುತ್ತದೆ. ಸರಳು ಎರಡಡಿ ಇಳಿದರೆ 120, ಮೂರಡಿ ಇಳಿದರೆ 180. ತಕ್ಕಡಿ, ಹಂಚು ಇಲ್ಲದವರಿಗೂ ಇದು ಸಾಲುವಂಥ ಅಳತೆ. ಸರಳು ಎಂಟು ಅಂಗುಲಕ್ಕೇ ನಿಂತರೆ ಮೇಲೆ ಎಷ್ಟೇ ಹದ ಕಂಡರೂ ಜೋಳ ಬಿತ್ತದೆ ಮುಂದಿನ ಮಳೆಗೆ ಕಾಯಬೇಕು. ಗುರುವಾರದ ಮುನ್ಸೂಚನೆ ಅಂಥಲ್ಲಿ ಬಹಳ ಉಪಕಾರಿ, ಹಸಿ ಕೂಡುವಷ್ಟು ಮಳೆ ಹತ್ತಿರದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಅದು ತಕ್ಕಮಟ್ಟಿಗೆ ಹೇಳಬಲ್ಲದು.

ಇನ್ನು ಆ ಶೇ 18ರ ವಿಷಯ. ಪ್ರಯೋಗಾಲಯದಲ್ಲಿ ಅದನ್ನು ಒತ್ತಡದ ಯಂತ್ರದಿಂದ ಕಂಡುಹಿಡಿಯುತ್ತಾರೆ. ಹೊಲದಲ್ಲಿ ಅದನ್ನು ಜೋಳವೇ ಅಳೆದು ಕೊಡುತ್ತದೆ. ಮಳೆ ಬೇಗ ನಿಂತ ವರ್ಷ, ಬೆಳೆ ಪೂರ್ತಿ ಒಣಗಿ ಕೊಯ್ಲಾದ ವಾರದಲ್ಲಿ, ಅದೇ ನಾಲ್ಕು ಆಳದಿಂದ ಮಣ್ಣು ತೆಗೆದು ತೂಗಿ ಒಣಗಿಸಬೇಕು. ಬೇರು ಓಡಾಡಿದ ಪದರದಲ್ಲಿ ಆಗ ಉಳಿದಿರುವುದು ಗಿಡಕ್ಕೆ ಎಟುಕದ ನೀರು, ಆ ಹೊಲದ ಕೆಳಗಿನ ಗೆರೆ. ಮೇಲಿನ ಗೆರೆಗೆ ಸೆಪ್ಟೆಂಬರಿನಲ್ಲಿ ಹೊಲ ಚೆನ್ನಾಗಿ ತೊಯ್ದು ನಾಲ್ಕೈದು ದಿನ ಬಸಿದ ಮೇಲೆ ತೆಗೆದ ಅಳತೆ ಸಾಕು. ಎರಡೂ ಗೆರೆಗಳನ್ನು ಒಂದು ವಹಿಯಲ್ಲಿ ಹೊಲದ ಸರ್ವೆ ನಂಬರಿನ ಎದುರು ಬರೆದಿಟ್ಟರೆ ವರ್ಷ ವರ್ಷವೂ ಅಳೆಯಬೇಕಾಗಿಲ್ಲ, ಮಣ್ಣು ಬದಲಾಗುವುದಿಲ್ಲ. ಮುಂದಿನ ಉತ್ತರೆಯಲ್ಲಿ ಹೊಸದಾಗಿ ಬೇಕಾಗುವುದು ಆ ದಿನದ ನಾಲ್ಕು ಪದರಗಳ ತೂಕಗಳು, ಮತ್ತು ಆ ವಾರದ ಗುರುವಾರದ ನಕ್ಷೆ.